“ಜಸ್ಟ್”, “ಆಕ್ಚುಲಿ”, “ಆಬ್ವಿಯಸ್ಲಿ”: ಆಫೀಸ್ ಮೆಸೇಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಫ್ಟ್‌ವೇರ್ ಕಂಪನಿಯಲ್ಲಿ ಸಪೋರ್ಟ್ ಟೀಮ್ ಬರೆಯುವ ಉತ್ತರಗಳನ್ನೂ ಒಳಗಿನ ದಾಖಲೆಗಳನ್ನೂ ತಿದ್ದುವುದು ನನ್ನ ಕೆಲಸ. ಊಟದ ಹೊತ್ತಿನಲ್ಲಿ, ಮೇಲ್‌ನಲ್ಲಿ, ಕಾಮೆಂಟ್‌ಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿಗೆ

“ಜಸ್ಟ್” ಅಂತ ಬರೆದರೆ ತಪ್ಪೇನು? ಎಲ್ಲರೂ ಬರೀತಾರಲ್ಲ!

ಪದ ತಪ್ಪಲ್ಲ. ಅದು ಯಾರ ಕೆಲಸವನ್ನು ಚಿಕ್ಕದು ಮಾಡುತ್ತಿದೆ ಅನ್ನೋದನ್ನು ನೋಡಬೇಕು.

“ನಾನು ಜಸ್ಟ್ ಒಂದು ಲೈನ್ ಬದಲಾಯಿಸಿದೆ” ಅಂದರೆ ನಿಮ್ಮ ಕೆಲಸವನ್ನು ನೀವೇ ಚಿಕ್ಕದು ಮಾಡಿಕೊಂಡಿರಿ. ಯಾರಿಗೂ ನೋವಿಲ್ಲ. “ನೀವು ಜಸ್ಟ್ ಒಂದು ಲೈನ್ ಬದಲಾಯಿಸಿ” ಅಂದರೆ ಇನ್ನೊಬ್ಬರ ಕೆಲಸಕ್ಕೆ ನೀವು ಬೆಲೆ ಕಟ್ಟಿದಿರಿ. ಆ ಒಂದು ಲೈನ್ ಹುಡುಕಲು ಅವರಿಗೆ ಒಂದು ಗಂಟೆ ಹಿಡಿದರೆ, “ಇಷ್ಟು ಸುಲಭದ್ದು ನನಗೆ ಆಗ್ತಿಲ್ಲವಲ್ಲ” ಅನ್ನಿಸುತ್ತದೆ. ಅದನ್ನು ಅವರು ನಿಮಗೆ ಹೇಳೋದಿಲ್ಲ. ಮುಂದಿನ ಸಲ ನಿಮ್ಮನ್ನು ಕೇಳೋದನ್ನೇ ಬಿಡುತ್ತಾರೆ.

“ಆಕ್ಚುಲಿ” ಇದೇ ಕೆಲಸವನ್ನು ಅವರ ತಿಳಿವಳಿಕೆಗೆ ಮಾಡುತ್ತದೆ, “ಆಬ್ವಿಯಸ್ಲಿ” ಅವರ ಪ್ರಶ್ನೆಗೆ ಮಾಡುತ್ತದೆ. ಯಾವುದೂ ಬೈಗುಳವಲ್ಲ. ಹಾಗಾಗಿ ಬರೆದವರಿಗೆ ಗೊತ್ತೇ ಆಗೋದಿಲ್ಲ, ಓದಿದವರಿಗೆ ಎದುರಾಡಲೂ ಆಗೋದಿಲ್ಲ. “ಜಸ್ಟ್ ಅಂದಿದ್ದಕ್ಕೆ ಬೇಜಾರಾಯ್ತು” ಅಂತ ಯಾರು ತಾನೇ ಹೇಳ್ತಾರೆ?

ಎದುರಿಗೆ ಹೇಳಿದರೆ ನಗ್ತಾರೆ, ಅದನ್ನೇ ಟೀಮ್ಸ್‌ನಲ್ಲಿ ಹಾಕಿದರೆ ಮುಖ ಗಂಟು ಹಾಕ್ಕೊಳ್ತಾರೆ. ಯಾಕೆ?

ಎದುರಿಗೆ ಹೇಳುವಾಗ ನಿಮ್ಮ ದನಿ ಇದೆ, ಮುಖ ಇದೆ. “ಅಯ್ಯೋ, ಜಸ್ಟ್ ಲಾಗೌಟ್ ಆಗಿ ಬನ್ನಿ ಸಾರ್” ಅಂತ ನಕ್ಕು ಹೇಳಿದರೆ ಅದು ಸಮಾಧಾನದ ಮಾತು. ಮೆಸೇಜ್‌ನಲ್ಲಿ ನಗು ಹೋಗುವುದಿಲ್ಲ, ಪದ ಒಂದೇ ಹೋಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರುಗರ್, ನಿಕೋಲಸ್ ಎಪ್ಲಿ ಮತ್ತವರ ಜೊತೆಗಾರರು 2005ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಬರೆದದ್ದು ವ್ಯಂಗ್ಯವೋ ನಿಜವೋ ಅಂತ ಓದುವವರು ಗುರುತಿಸಬೇಕಿತ್ತು. ಮೇಲ್ ಕಳಿಸಿದವರಿಗೆ ತಮ್ಮ ದನಿ ಓದುವವರಿಗೆ ಗೊತ್ತಾಗುತ್ತದೆ ಅನ್ನುವ ಭರವಸೆ ಜಾಸ್ತಿ ಇತ್ತು. ಓದಿದವರು ಸರಿಯಾಗಿ ಗುರುತಿಸಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ಅದೇ ಮಾತನ್ನು ದನಿಯಲ್ಲಿ ಕೇಳಿಸಿಕೊಂಡವರು ಅವರಿಗಿಂತ ಚೆನ್ನಾಗಿ ಗುರುತಿಸಿದರು. ನಾವು ಟೈಪ್ ಮಾಡುವಾಗ ನಮ್ಮ ದನಿ ನಮ್ಮ ತಲೆಯೊಳಗೆ ಕೇಳುತ್ತಲೇ ಇರುತ್ತದೆ. ಅದು ಅವರಿಗೂ ಕೇಳುತ್ತಿದೆ ಅಂದುಕೊಂಡುಬಿಡುತ್ತೇವೆ.

ನಾವು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಬರೆಯೋರು. ನಮ್ಮ ಮನಸ್ಸಲ್ಲಿ ಹಾಗಿರಲ್ಲ ಕಣ್ರೀ.

ನಿಜ. ಇದು ನಮ್ಮವರಿಗೆ ವಿಶೇಷವಾಗಿ ಆಗುವ ತೊಂದರೆ.

ನಾವು “ಜಸ್ಟ್ ನೋಡಿ” ಅಂತ ಬರೆಯುವಾಗ ಮನಸ್ಸಿನಲ್ಲಿ ಇರೋದು “ಸ್ವಲ್ಪ ನೋಡಿ”. ಕನ್ನಡದಲ್ಲಿ “ಸ್ವಲ್ಪ” ವಿನಯದ ಪದ. “ಸ್ವಲ್ಪ ಈ ಕಡೆ ಬರ್ತೀರಾ” ಅಂದರೆ ಬರುವ ಕೆಲಸ ಚಿಕ್ಕದು ಅಂತಲ್ಲ, ನಿಮಗೆ ತೊಂದರೆ ಕೊಡ್ತಿದ್ದೀನಿ ಅನ್ನುವ ಸಂಕೋಚ. ಇಂಗ್ಲಿಷ್ ಓದುಗನಿಗೆ ಆ ಸಂಕೋಚ ಕಾಣದೆ “ನೋಡಿದರೆ ಸಾಕು, ಅಷ್ಟೇ” ಅಂತ ಕೇಳಿಸಬಹುದು.

“ಆಕ್ಚುಲಿ”ಯ ಕಥೆಯೂ ಇದೇ. ಬೆಂಗಳೂರಿನಲ್ಲಿ “ಆಕ್ಚುಲಿ ಏನಾಯ್ತು ಅಂದ್ರೆ” ಅಂತ ಮಾತು ಶುರು ಮಾಡೋದು “ಅದೇನಂದ್ರೆ” ಅಂದ ಹಾಗೆ, ಉಸಿರು ತಗೊಳ್ಳಲು ಒಂದು ಪದ. ಯಾರನ್ನೂ ತಿದ್ದುವ ಉದ್ದೇಶವಿಲ್ಲ. ಲಂಡನ್‌ನಲ್ಲೋ ಡಲ್ಲಾಸ್‌ನಲ್ಲೋ ಕೂತ ಕ್ಲೈಂಟ್‌ಗೆ ಸಾಲಿನ ಶುರುವಿನ “ಆಕ್ಚುಲಿ” ಅಂದರೆ “ನೀನು ಹೇಳಿದ್ದು ತಪ್ಪು” ಅನ್ನುವ ಸೂಚನೆ.

ಹಾಗಾಗಿ ಒಂದು ಕೆಲಸ ಮಾಡಿ. ಸಾಲಿನಲ್ಲಿ ನಿಮಗೆ ಬೇಕಿದ್ದದ್ದು “ಸ್ವಲ್ಪ”ವೋ “ಅಷ್ಟೇ”ನೋ ಅಂತ ಕೇಳಿಕೊಳ್ಳಿ. “ಸ್ವಲ್ಪ” ಆಗಿದ್ದರೆ ಅದನ್ನು ಪ್ರಶ್ನೆ ಮಾಡಿ: “ಬಿಡುವಾದಾಗ ಇದನ್ನು ನೋಡಲು ಆಗುತ್ತಾ?” “ಅದೇನಂದ್ರೆ” ಆಗಿದ್ದರೆ ಏನೂ ಹಾಕಬೇಡಿ, ನೇರ ವಿಷಯಕ್ಕೆ ಬನ್ನಿ.

## ಒಂದೊಂದೇ ಪದ

“ಜಸ್ಟ್” ತೆಗೆದು ಅದರ ಜಾಗಕ್ಕೆ ಏನು ಹಾಕಲಿ? “ಸಿಂಪ್ಲಿ” ಹಾಕಬಹುದಾ?

ಬೇಡ. “ಸಿಂಪ್ಲಿ” ಇನ್ನೂ ಒಂದು ಕೈ ಮೇಲು. ಪದಕ್ಕೆ ಬದಲು ಪದ ಹುಡುಕಿದರೆ ಏನೂ ಬದಲಾಗೋದಿಲ್ಲ. ನನ್ನ ಅನುಭವದಲ್ಲಿ “ಜಸ್ಟ್” ಬರೋದೇ ಬರೆದವರು ಒಂದು ಹೆಜ್ಜೆ ಹಾರಿಸಿದ ಕಡೆ. ಆ ಹೆಜ್ಜೆಯನ್ನು ಅಲ್ಲಿ ಬರೆಯಿರಿ, ಅದೇ ಬದಲಿ.

ಒಂದು ಉದಾಹರಣೆ ಪೂರ್ತಿ ನೋಡೋಣ. ಹೊಸದಾಗಿ ಸೇರಿದ ಹುಡುಗಿ ಹುಬ್ಬಳ್ಳಿಯ ಮನೆಯಿಂದ ಕೆಲಸ ಮಾಡುತ್ತಿದ್ದಾಳೆ. ವಿಂಡೋಸ್ ಲ್ಯಾಪ್‌ಟಾಪ್. ಗ್ರೂಪ್‌ನಲ್ಲಿ ಕೇಳುತ್ತಾಳೆ: “ಸ್ಟೇಜಿಂಗ್ ಸೈಟ್ ಓಪನ್ ಆಗ್ತಿಲ್ಲ. ವಿಪಿಎನ್ ತೊಂದರೆ ಇರಬಹುದಾ?” ಸೀನಿಯರ್ ಉತ್ತರ:

> ಆಕ್ಚುಲಿ ಅದು ವಿಪಿಎನ್ ಇಶ್ಯೂ ಅಲ್ಲ. ಜಸ್ಟ್ ಹೋಸ್ಟ್ಸ್ ಫೈಲ್‌ಗೆ ಒಂದು ಎಂಟ್ರಿ ಹಾಕಿ. ಆಬ್ವಿಯಸ್ಲಿ ಅಡ್ಮಿನ್ ಆಗಿ ಓಪನ್ ಮಾಡಬೇಕು.

ಮೂರೂ ಪದ ಒಂದೇ ಮೆಸೇಜ್‌ನಲ್ಲಿ! ಸೀನಿಯರ್ ಕೆಟ್ಟವರಲ್ಲ. ಮೀಟಿಂಗ್ ಮಧ್ಯೆ ಉತ್ತರ ಕೊಟ್ಟಿದ್ದಾರೆ, ಹೇಳಿದ್ದು ಸರಿಯಾಗಿಯೂ ಇದೆ. ಆದರೆ ಆ ಹುಡುಗಿಯ ಕಡೆಯಿಂದ ನೋಡಿ. ಹೋಸ್ಟ್ಸ್ ಫೈಲ್ ಎಲ್ಲಿದೆ? ಎಂಟ್ರಿ ಅಂದರೆ ಏನು ಬರೆಯೋದು? ಅಡ್ಮಿನ್ ಆಗಿ ತೆರೆಯೋದು ಹೇಗೆ? ಸರಿಯಾಯ್ತು ಅಂತ ಗೊತ್ತಾಗೋದು ಹೇಗೆ? ನಾಲ್ಕು ಪ್ರಶ್ನೆ. “ಜಸ್ಟ್” ಮತ್ತು “ಆಬ್ವಿಯಸ್ಲಿ” ಅಂದಮೇಲೆ ಇವುಗಳಲ್ಲಿ ಒಂದನ್ನೂ ಕೇಳಲು ಅವಳಿಗೆ ಬಾಯಿ ಬರೋದಿಲ್ಲ.

ಮೂರೂ ಪದ ತೆಗೆದು, ಹಾರಿಸಿದ್ದನ್ನು ತುಂಬಿದರೆ ಹೀಗಾಗುತ್ತದೆ:

> ವಿಪಿಎನ್ ಸರಿಯಾಗಿದೆ. ಸ್ಟೇಜಿಂಗ್ ಸೈಟಿನ ಹೆಸರು ನಮ್ಮ ಡಿಎನ್ಎಸ್‌ಗೆ ಇನ್ನೂ ಸೇರಿಲ್ಲ, ಅದಕ್ಕೇ ನಿಮಗೆ ಸಿಗ್ತಿಲ್ಲ. ನೋಟ್‌ಪ್ಯಾಡ್ ಮೇಲೆ ರೈಟ್ ಕ್ಲಿಕ್ ಮಾಡಿ, Run as administrator ಕೊಡಿ. ಆಮೇಲೆ ಈ ಫೈಲ್ ತೆರೆದು, ಕೊನೆಯಲ್ಲಿ ಕೆಳಗಿನ ಸಾಲು ಸೇರಿಸಿ ಸೇವ್ ಮಾಡಿ:

```
C:\Windows\System32\drivers\etc\hosts

10.20.4.15   staging.example.internal
```

> ಸೇವ್ ಮಾಡುವಾಗ ಹೆಸರು hosts.txt ಆಗದ ಹಾಗೆ ನೋಡಿಕೊಳ್ಳಿ. ಆಮೇಲೆ `ping staging.example.internal` ಕೊಡಿ. ಉತ್ತರ ಬರದಿದ್ದರೂ ಪರವಾಗಿಲ್ಲ, ಮೊದಲ ಸಾಲಿನಲ್ಲಿ 10.20.4.15 ಕಂಡರೆ ಸಾಕು. ಕಾಣದಿದ್ದರೆ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.

ಉದ್ದವಾಯ್ತು, ಒಪ್ಪುತ್ತೇನೆ. ಆದರೆ ಆ hosts.txt ವಿಷಯ ನೋಡಿ. ನೋಟ್‌ಪ್ಯಾಡ್ ಆ ಬಾಲವನ್ನು ತಾನಾಗಿ ಅಂಟಿಸುವುದುಂಟು, ವಿಂಡೋಸ್ ಅದನ್ನು ತೋರಿಸದೇ ಇರುವುದೂ ಉಂಟು. ಆಗ ಎಂಟ್ರಿ ಹಾಕಿದ್ದರೂ ಸೈಟ್ ಸಿಗೋದಿಲ್ಲ. “ಜಸ್ಟ್” ಅಂದವರಿಗೆ ಇದು ನೆನಪಿಗೇ ಬಂದಿರಲಿಲ್ಲ.

ಅಷ್ಟು ಬರೆಯಲು ಪುರುಸೊತ್ತಿಲ್ಲವೇ? “ಹೋಸ್ಟ್ಸ್ ಫೈಲ್‌ಗೆ ಒಂದು ಸಾಲು ಸೇರಿಸಬೇಕು. ಮೊದಲ ಸಲ ಗೊಂದಲ ಆಗುತ್ತೆ. 4 ಗಂಟೆಗೆ ಕಾಲ್ ಮಾಡಿ, ಹೇಳ್ತೀನಿ” ಅನ್ನಿ. ಇದು ಮೊದಲಿನ ಮೆಸೇಜ್‌ಗಿಂತ ಉದ್ದವೇನಲ್ಲ.

ತಪ್ಪು ಹೇಳಿದಾಗ ತಿದ್ದಲೇಬೇಕಲ್ವಾ? “ಆಕ್ಚುಲಿ” ಇಲ್ಲದೆ ಹೇಗೆ?

ತಿದ್ದಿ. ಮೊದಲು ತಪ್ಪಿನಿಂದ ಏನಾದರೂ ಹಾಳಾಗುತ್ತದಾ ಅಂತ ನೋಡಿ. ನ್ಯೂಯಾರ್ಕ್‌ನಲ್ಲಿ ರಿಕರ್ಸ್ ಸೆಂಟರ್ ಅಂತ ಪ್ರೋಗ್ರಾಮರ್‌ಗಳು ಒಟ್ಟಿಗೆ ಕೂತು ಕಲಿಯುವ ಒಂದು ಜಾಗವಿದೆ. ಅಲ್ಲಿನ ನಡವಳಿಕೆಯ ಕೆಲವೇ ನಿಯಮಗಳಲ್ಲಿ ಒಂದು “ವೆಲ್-ಆಕ್ಚುಲಿ ಬೇಡ” ಅನ್ನೋದು. ಮಾತಿನ ವಿಷಯಕ್ಕೆ ಸಂಬಂಧವೇ ಇಲ್ಲದ ಸಣ್ಣ ತಪ್ಪನ್ನು ಹಿಡಿದು ತಿದ್ದುವ ಚಾಳಿಗೆ ಅವರು ಕೊಟ್ಟ ಹೆಸರು ಅದು. “ಅದು 3.10 ಅಲ್ಲ, ಆಕ್ಚುಲಿ 3.11” ಅನ್ನುವ ಬಗೆ. ವರ್ಷನ್ ಮೇಲೆ ಕೆಲಸ ನಿಂತಿದ್ದರೆ ಹೇಳಿ. ಇಲ್ಲದಿದ್ದರೆ ಆ ಮೆಸೇಜೇ ಬೇಕಿಲ್ಲ.

ಹೇಳಲೇಬೇಕಾದಾಗ, ನಿಮಗೆ ಹೇಗೆ ಗೊತ್ತಾಯ್ತು ಅನ್ನೋದನ್ನು ಮುಂದಿಡಿ. “ಆಕ್ಚುಲಿ ಆ ಇನ್‌ವಾಯ್ಸ್‌ನಲ್ಲಿ ಜಿಎಸ್‌ಟಿ 18 ಪರ್ಸೆಂಟ್ ಇರಬೇಕು” ಅನ್ನುವ ಬದಲು, “ಅದೇ ವೆಂಡರ್‌ನ ಹೋದ ತಿಂಗಳ ಬಿಲ್ ನೋಡಿದೆ, 18 ಪರ್ಸೆಂಟ್ ಇದೆ. ಈ ಸಲ 5 ಹಾಕಿದ್ದಾರೆ. ಬದಲಾಗಲು ಕಾರಣ ಏನಾದ್ರೂ ಇದೆಯಾ?” ಇಲ್ಲಿ ತಪ್ಪು ಕಾಗದದ ಮೇಲಿದೆ, ಮನುಷ್ಯರ ಮೇಲಿಲ್ಲ. ಇನ್ನೊಂದು ಲಾಭ: ಕೆಲವು ಸಲ ನಿಜವಾಗಿಯೂ ಕಾರಣ ಇರುತ್ತದೆ, ತಪ್ಪಿದ್ದು ನೀವೇ ಅಂತ ಗೊತ್ತಾಗುತ್ತದೆ. “ಆಕ್ಚುಲಿ” ಹಾಕಿಬಿಟ್ಟಿದ್ದರೆ ಆಗ ಹಿಂದೆ ಸರಿಯೋದು ಕಷ್ಟ.

ಹೊಗಳಿಕೆಗೂ “ಆಕ್ಚುಲಿ” ಸೇರಿಸಬೇಡಿ. “ಪ್ರೆಸೆಂಟೇಶನ್ ಆಕ್ಚುಲಿ ಚೆನ್ನಾಗಿತ್ತು” ಅಂದರೆ ಚೆನ್ನಾಗಿರಲ್ಲ ಅಂತ ನೀವು ಅಂದುಕೊಂಡಿದ್ದಿರಿ ಅಂತಾಯ್ತು.

“ಆಬ್ವಿಯಸ್ಲಿ”, “ಆಫ್ ಕೋರ್ಸ್”, “ಕ್ಲಿಯರ್ಲಿ” ಎಲ್ಲಾ ಒಂದೇನಾ?

ಹೆಚ್ಚು ಕಡಿಮೆ ಒಂದೇ. ಎಲ್ಲರಿಗೂ ಗೊತ್ತಿದ್ದರೆ ಬರೆಯಬೇಕಾಗಿಯೇ ಇರಲಿಲ್ಲ. ನೀವು ಬರೆದಿದ್ದೀರಿ ಅಂದರೆ ಯಾರಿಗೋ ಗೊತ್ತಿಲ್ಲ. ಆ ಯಾರಿಗೋ ಈ ಪದ ತಾಗುತ್ತದೆ. ಬಹಳ ಕಡೆ ಸುಮ್ನೆ ಅಳಿಸಿದರೆ ಸಾಕು, ವಾಕ್ಯ ಕೆಡೋದಿಲ್ಲ.

ಗೊತ್ತಿರುವವರಿಗೇ ಮತ್ತೆ ಹೇಳ್ತಿದ್ದೀನಿ ಅನ್ನುವ ಸಂಕೋಚ ಇದ್ದರೆ, “ನಿಮಗೆ ಗೊತ್ತಿರಬಹುದು, ಹೊಸಬರಿಗಾಗಿ ಬರೆಯುತ್ತಿದ್ದೇನೆ” ಅನ್ನಬಹುದು. ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಮರ್ಯಾದೆ ಉಳಿಯುತ್ತದೆ.

ನಾನೇ “ಜಸ್ಟ್ ಚೆಕಿಂಗ್” ಅಂತ ಹಾಕ್ತೀನಿ. ಅದೂ ತಪ್ಪಾ? ಅದರಿಂದ ನಾನು ವೀಕ್ ಅನ್ನಿಸ್ತೀನಿ ಅಂತಾರೆ.

ಇಲ್ಲಿ ಚಿಕ್ಕದಾಗೋದು ನಿಮ್ಮ ಕೋರಿಕೆ. ಬೇರೆಯವರನ್ನು ಕೀಳು ಮಾಡುವ ಮಾತೇ ಬರೋದಿಲ್ಲ. “ವೀಕ್” ಅನ್ನುವ ವಾದ 2015ರಲ್ಲಿ ಜೋರಾಗಿ ಹರಡಿತು. ಗೂಗಲ್‌ನಲ್ಲಿ ಕೆಲಸ ಮಾಡಿದ್ದ ಎಲೆನ್ ಪೆಟ್ರಿ ಲೀನ್ಸ್, ಹೆಂಗಸರು “ಜಸ್ಟ್” ಜಾಸ್ತಿ ಬಳಸುತ್ತಾರೆ, ಬಿಡಬೇಕು ಅಂತ ಬರೆದರು. ಭಾಷಾಶಾಸ್ತ್ರಜ್ಞೆ ಡೆಬೊರಾ ಕ್ಯಾಮರನ್ ಅದನ್ನು ಒಪ್ಪಲಿಲ್ಲ. ಒಂದೇ ಪದ ಬೇರೆ ಬೇರೆ ಕೆಲಸ ಮಾಡುತ್ತದೆ, ಎಣಿಸಿದ ಮಾತ್ರಕ್ಕೆ ಏನೂ ಗೊತ್ತಾಗೋದಿಲ್ಲ ಅನ್ನೋದು ಅವರ ಆಕ್ಷೇಪ. ನಾನು ಕ್ಯಾಮರನ್ ಕಡೆ.

ಆದರೂ “ಜಸ್ಟ್ ಚೆಕಿಂಗ್” ಮೆಸೇಜ್‌ಗೆ ಇನ್ನೊಂದು ದೋಷವಿದೆ. ಏನು ಬೇಕು, ಯಾವಾಗ ಬೇಕು ಅನ್ನೋದೇ ಅದರಲ್ಲಿ ಇರೋದಿಲ್ಲ. “ಗುರುವಾರ ಸಂಜೆ ಕ್ಲೈಂಟ್‌ಗೆ ಕಳಿಸಬೇಕು, ಬುಧವಾರದೊಳಗೆ ನಿಮ್ಮ ಒಪ್ಪಿಗೆ ಸಿಗುತ್ತಾ?” ಅಂತ ಬರೆದರೆ “ಜಸ್ಟ್” ತಾನಾಗಿಯೇ ಉದುರಿಹೋಗುತ್ತದೆ.

## ಸ್ವಲ್ಪ ಕಷ್ಟದವು

ಮೂರು ಸಲ ಹೇಳಿದೀನಿ. ಮತ್ತೆ ಅದನ್ನೇ ಕೇಳ್ತಾರೆ. ಈಗಲಾದ್ರೂ “ಆಸ್ ಐ ಆಲ್ರೆಡಿ ಮೆನ್ಷನ್ಡ್” ಅನ್ನಬಹುದಾ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಮಾತಿನಿಂದ ಅವರಿಗೆ ಬೇಕಾದ ಉತ್ತರ ಸಿಗೋದಿಲ್ಲ. ಹಳೇ ಮೇಲ್ ಹುಡುಕಬೇಕು, ಸಿಗದಿದ್ದರೆ ನಾಲ್ಕನೇ ಸಲ ಕೇಳುತ್ತಾರೆ. ಉತ್ತರವನ್ನೇ ಮೊದಲು ಕೊಡಿ, ಜೊತೆಗೆ ಅದು ಎಲ್ಲಿದೆ ಅಂತ ತೋರಿಸಿ: “ರಜೆ ಬ್ಯಾಲೆನ್ಸ್ ಪ್ರತಿ ತಿಂಗಳ 5ಕ್ಕೆ ಅಪ್‌ಡೇಟ್ ಆಗುತ್ತದೆ. ಗ್ರೂಪ್‌ನಲ್ಲಿ ಪಿನ್ ಮಾಡಿದ ಮೆಸೇಜ್‌ನಲ್ಲಿ ಇದೆಲ್ಲಾ ಇದೆ.”

ಮೂರು ಬೇರೆ ಬೇರೆ ಜನ ಕೇಳಿದ್ದರೆ ತೊಂದರೆ ಆ ದಾಖಲೆಯಲ್ಲಿದೆ. ಒಬ್ಬರೇ ಮೂರು ಸಲ ಕೇಳಿದ್ದರೆ, ಮೆಸೇಜ್ ಬಿಟ್ಟು ಫೋನ್ ಮಾಡಿ: “ಇದರಲ್ಲಿ ಯಾವ ಭಾಗ ಸರಿಯಾಗಿ ಹೇಳಿಲ್ಲ ನಾನು?” ಎಷ್ಟೋ ಸಲ ಅವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ ಇರುತ್ತದೆ.

ಕನ್ನಡದಲ್ಲೇ ಮೆಸೇಜ್ ಮಾಡಿದರೆ ಈ ತಲೆನೋವು ಇರಲ್ಲ ಅಲ್ವಾ?

ಇರುತ್ತದೆ, ವೇಷ ಬೇರೆ. “ಅಷ್ಟೇ ತಾನೇ”, “ಅಷ್ಟೂ ಗೊತ್ತಿಲ್ವಾ”, “ಆಗ್ಲೇ ಹೇಳಿದ್ನಲ್ಲ”, “ನೋಡಿದ್ರೆ ಗೊತ್ತಾಗುತ್ತಲ್ಲ”. ಆ ಕೊನೆಯ “ಅಲ್ಲ” ತುಂಬಾ ಕೆಲಸ ಮಾಡುತ್ತದೆ. “ಶೀಟ್‌ನಲ್ಲಿ ಇದೆ” ಅಂದರೆ ಮಾಹಿತಿ. “ಶೀಟ್‌ನಲ್ಲಿ ಇದೆಯಲ್ಲ” ಅಂದರೆ ನೀವು ನೋಡಿಲ್ಲ ಅನ್ನುವ ದೂರು. ಒಂದಕ್ಷರವೂ ಬೈಗುಳವಿಲ್ಲ, ಆದರೆ ಅಮ್ಮ ಮನೆಯಲ್ಲಿ “ಫ್ರಿಜ್‌ನಲ್ಲೇ ಇದೆಯಲ್ಲೋ” ಅಂದ ದನಿ ಎಲ್ಲರಿಗೂ ಗೊತ್ತು.

“ನೀವು” ಅಂತ ಬಹುವಚನ ಹಾಕಿದ ಮಾತ್ರಕ್ಕೆ ಇದು ಸರಿಹೋಗೋದಿಲ್ಲ. “ತಮಗೆ ಇಷ್ಟೂ ಗೊತ್ತಿಲ್ವಾ ಸಾರ್” ಅನ್ನೋದರಲ್ಲಿ ಮರ್ಯಾದೆಯ ಪದಗಳೇ ಚುಚ್ಚುತ್ತವೆ. “ಅಲ್ಲ” ಬಿಟ್ಟು, ಎರಡನೇ ಟ್ಯಾಬ್, ಎಷ್ಟನೇ ಸಾಲು ಅಂತ ಹೇಳಿ. ಮುಗೀತು.

ಹೀಗೆ ಬರೆಯೋದು ನಮ್ಮ ಮ್ಯಾನೇಜರ್. ಅವರಿಗೆ ಹೇಳೋದು ಹೇಗೆ?

ಪದದ ಬಗ್ಗೆ ಹೇಳಬೇಡಿ. “ನೀವು ಜಸ್ಟ್ ಅಂದಿರಿ” ಅಂತ ಶುರು ಮಾಡಿದರೆ ಮಾತು ನಿಮ್ಮ ಸೂಕ್ಷ್ಮತೆಯ ಕಡೆ ಹೊರಳುತ್ತದೆ. ಆ ಪದದ ಹಿಂದೆ ಇರುವ ಅಂದಾಜನ್ನು ಬಿಡಿಸಿ. “ಜಸ್ಟ್ ಒಂದು ರಿಪೋರ್ಟ್ ಕಳಿಸಿ” ಅಂತ ಬಂದರೆ: “ಸರಿ ಮೇಡಂ. ಮೂರು ಬ್ರಾಂಚಿನ ಡೇಟಾ ಸೇರಿಸಬೇಕು, ಅರ್ಧ ದಿನ ಬೇಕು. ಇವತ್ತಿನ ಆಡಿಟ್ ಕೆಲಸ ನಾಳೆಗೆ ಹಾಕಲಾ?” ಅವರಿಗೆ ಕೆಲಸದ ಅಳತೆ ಗೊತ್ತಾಯ್ತು, ನೀವು ಜಗಳಕ್ಕೂ ಹೋಗಲಿಲ್ಲ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಹಲವರು ತಾವಾಗಿಯೇ “ಎಷ್ಟು ಹೊತ್ತು ಬೇಕಾಗುತ್ತೆ?” ಅಂತ ಕೇಳಲು ಶುರು ಮಾಡುತ್ತಾರೆ. ಎಲ್ಲರೂ ಅಲ್ಲ. ಬೇಕಂತಲೇ ಚುಚ್ಚುವವರಿಗೆ ಇದು ಮದ್ದಲ್ಲ, ಅದು ಪದಗಳ ಸಮಸ್ಯೆಯೂ ಅಲ್ಲ.

## ದಾಖಲೆ ಬರೆಯುವವರಿಗೆ

ನಮ್ಮ ಗೈಡ್‌ಗಳಲ್ಲಿ ಇವು ನೂರಾರು ಇವೆ. ಹುಡುಕಲು ಟೂಲ್ ಇದೆಯಾ?

ಇದೆ. ಮೊದಲು ಎಷ್ಟಿವೆ, ಎಲ್ಲಿವೆ ಅಂತ ನೋಡಲು ಇಷ್ಟು ಸಾಕು:

```
grep -rniwE 'just|simply|obviously|easily' docs/
```

ಬರೆಯುವಾಗಲೇ ಎಚ್ಚರಿಸಬೇಕು ಅಂದರೆ ವೇಲ್ ಅನ್ನುವ ಉಚಿತ ಟೂಲ್ ಚೆನ್ನಾಗಿದೆ. ನಿಮ್ಮದೇ ನಿಯಮ ಹೀಗೆ ಬರೆಯಬಹುದು:

```
extends: existence
message: "'%s' ಇಲ್ಲಿ ಬೇಕಾ? ಯಾವುದಾದರೂ ಹೆಜ್ಜೆ ಬಿಟ್ಟುಹೋಗಿದೆಯಾ?"
level: suggestion
ignorecase: true
tokens:
  - just
  - simply
  - obviously
  - of course
```

level ಅನ್ನು suggestion ಅಂತಲೇ ಇಡಿ. error ಮಾಡಿದರೆ ಜನ ಬಿಲ್ಡ್ ಪಾಸ್ ಆಗಲಿ ಅಂತ ಪದ ಅಳಿಸುತ್ತಾರೆ, ಹೆಜ್ಜೆ ಬರೆಯೋದಿಲ್ಲ. ಆಗ ಮೊದಲಿಗಿಂತ ಕೆಟ್ಟದು. “ಜಸ್ಟ್ ಕಾನ್ಫಿಗರ್ ಮಾಡಿ” ಇದ್ದಿದ್ದು “ಕಾನ್ಫಿಗರ್ ಮಾಡಿ” ಆಗುತ್ತದೆ, ಹೇಗೆ ಅನ್ನೋದು ಹಾಗೇ ಉಳಿಯುತ್ತದೆ.

ಇದು ಅತಿಸೂಕ್ಷ್ಮದವರ ಹಟ ಅಂತ ನಿಮ್ಮ ತಂಡದಲ್ಲಿ ಯಾರಾದರೂ ಅಂದರೆ, ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಅನ್ನುವ ಸಾಫ್ಟ್‌ವೇರ್ ಯೋಜನೆಯ ದಾಖಲೆ ಬರೆಯುವವರಿಗಿರುವ ಸೂಚನೆ ತೋರಿಸಿ. ಕೆಲಸದ ಕಷ್ಟವನ್ನು ಕಡಿಮೆ ಮಾಡಿ ತೋರಿಸುವ ಇಂಥ ಪದಗಳು ಬೇಡ ಅಂತ ಅದು ಹೇಳುತ್ತದೆ. ಕಾರಣವನ್ನೂ ಕೊಡುತ್ತದೆ: ಓದುವವರ ಅನುಭವ ನಿಮ್ಮ ನಿರೀಕ್ಷೆಯ ಹಾಗೆ ಇರದಿರಬಹುದು, ಸುಲಭ ಅಂದದ್ದು ಸುಲಭವಾಗದಿದ್ದಾಗ ಅವರಿಗೆ ಹತಾಶೆಯಾಗುತ್ತದೆ.

ಹಾಗಾದ್ರೆ ಇವನ್ನು ಎಲ್ಲೂ ಬಳಸಲೇಬಾರದಾ?

ಯಾಕೆ ಬಾರದು? “ಫೈಲ್ ಜಸ್ಟ್ ಈಗ ಬಂತು” ಅನ್ನುವಲ್ಲಿ ಅದು ಸಮಯದ ಮಾತು. “ಆಬ್ವಿಯಸ್ಲಿ ನಂದೇ ತಪ್ಪು” ಅಂದರೆ ಯಾರಿಗೂ ಬೇಜಾರಿಲ್ಲ. “ಸ್ಕ್ರೀನ್ ಮೇಲೆ 500 ತೋರಿಸುತ್ತೆ, ಆಕ್ಚುಲಿ ಡೇಟಾಬೇಸ್‌ನಲ್ಲಿ 50 ಇದೆ” ಅನ್ನುವಾಗ ತೋರಿಕೆಗೂ ನಿಜಕ್ಕೂ ಇರುವ ಅಂತರವೇ ವಿಷಯ, ಅಲ್ಲಿ ಆ ಪದ ಇರಲೇಬೇಕು. ಹತ್ತು ವರ್ಷದಿಂದ ಪಕ್ಕದಲ್ಲಿ ಕೂತಿರುವ ಗೆಳೆಯನಿಗೆ “ಲೋ, ಜಸ್ಟ್ ರೀಸ್ಟಾರ್ಟ್ ಮಾಡೋ” ಅನ್ನಿ, ಏನೂ ಆಗಲ್ಲ. ಅದೇ ಸಾಲನ್ನು ನಲವತ್ತು ಜನರ ಗ್ರೂಪ್‌ನಲ್ಲಿ ಹಾಕುವಾಗ ಮಾತ್ರ, ಅವನನ್ನು ಬಿಟ್ಟು ಇನ್ನೂ ಮೂವತ್ತೆಂಟು ಜನ ಓದುತ್ತಾರೆ, ಅವರಲ್ಲಿ ಕೆಲವರಿಗೆ ಯಾವುದನ್ನು ರೀಸ್ಟಾರ್ಟ್ ಮಾಡಬೇಕು ಅನ್ನೋದೇ ಗೊತ್ತಿಲ್ಲ.